ಫೋನ್ 64 ಜಿಬಿ ಸಾಕು, ಮೆಮೊರಿ ಕಾರ್ಡ್ ಹಾಕ್ಕೊಳ್ಳಿ ಅಂದರೆ ನಂಬಬೇಡಿ, ಮೊದಲು ಸಿಮ್ ಟ್ರೇ ಎಳೆಸಿ ನೋಡಿ

ಇದನ್ನು ಎರಡು ತಿಂಗಳ ಹಿಂದೆಯೇ ಬರೆಯಬೇಕಿತ್ತು. ನಾಚಿಕೆಯಾಗಿ ಸುಮ್ಮನಿದ್ದೆ. ಮೊನ್ನೆ ಪಕ್ಕದ ಮನೆಯವರೂ ಶಿವಮೊಗ್ಗಕ್ಕೆ ಹೋಗಿ ಅದೇ ಫೋನು, ಜೊತೆಗೆ ಅದೇ ಕಾರ್ಡು ತಂದಿದ್ದು ನೋಡಿ ಹೊಟ್ಟೆ ಉರಿಯಿತು. ಇನ್ನು ಬರೆಯದೆ ಇರಬಾರದು.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಪೇಟೆಯಿಂದ ಸಾಕಷ್ಟು ಒಳಗೆ. ಅಪ್ಪಯ್ಯನ ಹಳೆ ಫೋನಿನ ಬ್ಯಾಟರಿ ಉಬ್ಬಿತ್ತು. ಮಳೆ ಹಿಡಿಯುವ ಮುಂಚೆ ಹೊಸದು ತರಬೇಕು ಅಂತ ಜೂನ್ ಮೊದಲ ವಾರ ನಾನೊಬ್ಬಳೇ ಶಿವಮೊಗ್ಗಕ್ಕೆ ಹೋದೆ. ಅವತ್ತು ತೋಟಕ್ಕೆ ಔಷಧಿ ಹೊಡೆಯುವವರು ಬಂದಿದ್ದರಿಂದ ಅಪ್ಪಯ್ಯ ಬರಲಿಲ್ಲ.

ನಾನು ಕೇಳಿದ್ದು 128 ಜಿಬಿಯದ್ದು. ಮೊದಲೇ ವಿಚಾರಿಸಿದ್ದೆ, 64ರದ್ದಕ್ಕೆ 9,499, 128ರದ್ದಕ್ಕೆ 10,999. ವ್ಯತ್ಯಾಸ 1,500 ರೂಪಾಯಿ. ಅಂಗಡಿ ಹುಡುಗ ಒಳಗೆ ಹೋಗಿ ಬಂದು "128 ಇಲ್ಲ ಮೇಡಂ, ಬರೋಕೆ ನಾಲ್ಕು ದಿನ ಆಗುತ್ತೆ" ಅಂದ. ಆಮೇಲೆ ಕೇಳಿದ, "ಯಾರಿಗೆ ಫೋನು?" ಅಪ್ಪನಿಗೆ ಅಂದೆ. "ಅಯ್ಯೋ, ವಯಸ್ಸಾದವರಿಗೆ 128 ಯಾಕೆ ಮೇಡಂ? ಅವರೇನು ಗೇಮ್ ಆಡ್ತಾರಾ? 64 ತಗೊಳ್ಳಿ, ಒಂದು ಕಾರ್ಡ್ ಹಾಕ್ಕೊಳ್ಳಿ. 64 ಜೊತೆಗೆ 128, ಒಟ್ಟು 192 ಆಯ್ತು. ದುಡ್ಡೂ ಉಳೀತು."

ಲೆಕ್ಕ ಸರಿಯಾಗೇ ಕಂಡಿತು. ಅಪ್ಪಯ್ಯನ ಹಳೆ ಫೋನಿನಲ್ಲೂ ಹಾಗೇ ಇತ್ತಲ್ವಾ, ಒಳಗೆ 32, ಕಾರ್ಡು 64. ಕಾರ್ಡಿಗೆ 850 ಕೊಟ್ಟೆ. ಸಿಮ್ ಹಾಕಿಕೊಟ್ಟಿದ್ದೂ ಆ ಹುಡುಗನೇ. ನನ್ನ ಹತ್ತಿರ ಇದ್ದದ್ದು ಪೇಟೆಯಲ್ಲಿ ನಡೆಯುವ ಸಿಮ್ ಒಂದೇ. ಬಿಎಸ್ಎನ್ಎಲ್ ಸಿಮ್ ಮನೆಯಲ್ಲಿ ಹಳೆ ಫೋನಿನಲ್ಲೇ ಇತ್ತು. ಕಾರ್ಡಿನ ಪ್ಯಾಕೆಟ್ ಒಡೆಯದೆ ಕೈಗೆ ಕೊಟ್ಟು "ಹಳೆ ವಿಡಿಯೋ ಎಲ್ಲ ತುಂಬಿಸ್ಕೊಂಡು ಮನೇಲಿ ಹಾಕ್ಕೊಳ್ಳಿ" ಅಂದ. ಬಸ್ಸಿಗೆ ಹೊತ್ತಾಗಿತ್ತು. ಬಿಲ್ ತಗೊಂಡು ಓಡಿದೆ.

ರಾತ್ರಿ ಊಟ ಆದ ಮೇಲೆ ಅಪ್ಪಯ್ಯನ ಎದುರು ಕೂತು ಪಿನ್ ಚುಚ್ಚಿ ಟ್ರೇ ಎಳೆದೆ. ಅದರಲ್ಲಿ ಇದ್ದದ್ದು ಎರಡೇ ಜಾಗ. ಒಂದರಲ್ಲಿ ಹುಡುಗ ಹಾಕಿದ ಸಿಮ್. ಇನ್ನೊಂದರ ಪಕ್ಕ ಸಣ್ಣ ಅಕ್ಷರದಲ್ಲಿ, ಎರಡನೇ ಸಿಮ್ ಅಥವಾ ಮೆಮೊರಿ ಕಾರ್ಡ್. "ಅಥವಾ"! ಹಳೆ ಫೋನಿನ ಟ್ರೇಯಲ್ಲಿ ಮೂರು ಜಾಗ ಇತ್ತು, ಎರಡು ಸಿಮ್ಮಿಗೆ, ಒಂದು ಕಾರ್ಡಿಗೆ. ನಾನು ಎಲ್ಲ ಫೋನೂ ಹಾಗೇ ಅಂದುಕೊಂಡಿದ್ದೆ. ಟ್ರೇ ತಿರುಗಿಸಿ ನೋಡಿದೆ. ಫೋನಿನ ಇನ್ನೊಂದು ಬದಿಯಲ್ಲಿ ತೂತು ಇರಬಹುದಾ ಅಂತ ಟಾರ್ಚ್ ಬಿಟ್ಟು ನೋಡಿದೆ. ಇರಲಿಲ್ಲ. ಅಪ್ಪಯ್ಯ ಬಿಎಸ್ಎನ್ಎಲ್ ಸಿಮ್ ಕೈಯಲ್ಲಿ ಹಿಡಿದು "ಇದನ್ನ ಎಲ್ಲಿ ಹಾಕ್ತೆ ಮಗ?" ಅಂದರು. ನನಗೆ ಮಾತು ಬರಲಿಲ್ಲ.

ಮಲೆನಾಡಿನಲ್ಲಿ ಎರಡು ಸಿಮ್ ಶೋಕಿಗೆ ಇಟ್ಟುಕೊಳ್ಳುವುದಲ್ಲ. ನಮ್ಮ ಮನೆಯಲ್ಲಿ ಸಿಗುವುದು ಬಿಎಸ್ಎನ್ಎಲ್ ಮಾತ್ರ, ಅದೂ ಜಗಲಿಯ ಮೂಲೆಯಲ್ಲಿ. ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ಪೇಟೆಗೆ ಇಳಿದರೆ ಇಂಟರ್ನೆಟ್ಟಿಗೆ ಇನ್ನೊಂದು ಬೇಕು. ಇದು ಶಿವಮೊಗ್ಗದಲ್ಲಿ ಅಂಗಡಿ ಇಟ್ಟವರಿಗೆ ಗೊತ್ತಿಲ್ಲದ ವಿಷಯವಾ? ಅವರಲ್ಲಿ ಕೊಳ್ಳುವ ಅರ್ಧ ಜನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರೇ ಇರಬೇಕು.

ಮರುದಿನ ಬೆಳಿಗ್ಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಕೇಳಿ.

"ಎರಡು ಸಿಮ್ ಹಾಕ್ತೀವಿ ಅಂತ ನೀವು ಹೇಳಲೇ ಇಲ್ಲವಲ್ಲ ಮೇಡಂ." ನಾನು ಹೇಳಬೇಕಿತ್ತಂತೆ! ಟ್ರೇ ಎಳೆದು ಸಿಮ್ ಹಾಕಿದವನು ಅವನು. ಎರಡೇ ಜಾಗ ಇರುವುದು ಅವನ ಕಣ್ಣೆದುರೇ ಇತ್ತು. ಕಾರ್ಡು ಮಾರಿದವನೂ ಅವನೇ.

"ಒಂದು ಸಿಮ್ ತೆಗೆದುಬಿಡಿ." ಯಾವುದನ್ನು?

"ಹಾಗಿದ್ದರೆ ವಿಡಿಯೋ ಎಲ್ಲ ಗೂಗಲ್‌ನಲ್ಲಿ ಇಡಿ, ಫ್ರೀ." ಈ ಫ್ರೀ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೊನೆಗೆ ಮಾಲೀಕರು ಲೈನಿಗೆ ಬಂದರು. "ಬಾಕ್ಸ್ ಓಪನ್ ಆದ ಮೇಲೆ ವಾಪಸ್ ಇಲ್ಲ. ಫೋನ್ ಸರಿಯಾಗೇ ಇದೆಯಲ್ಲ?" 1,500 ಜಾಸ್ತಿ ಕೊಡುತ್ತೇನೆ, 128 ಬಂದಾಗ ಬದಲಿಸಿಕೊಡಿ ಅಂದೆ. ಆಗಲ್ಲ ಅಂದರು. ಕಾರ್ಡಾದರೂ ವಾಪಸ್ ತಗೊಳ್ಳಿ ಅಂದೆ. ನಾನು ಪ್ಯಾಕೆಟ್ ಒಡೆದಿದ್ದೆನಲ್ಲ, ಅದೂ ಆಗಲ್ಲ.

ಈಗ ಲೆಕ್ಕ ಹೇಳುತ್ತೇನೆ. ಈ ಲೆಕ್ಕವನ್ನು ನಾನು ಅಂಗಡಿಯಲ್ಲೇ ಮಾಡಬಹುದಿತ್ತು. ಎರಡು ನಿಮಿಷ ಸಾಕಿತ್ತು. ಅದೇ ಹೆಚ್ಚು ಬೇಜಾರು.

64 ಅಂದರೆ ನಮಗೆ 64 ಸಿಗುವುದಿಲ್ಲ. ಮೊದಲ ದಿನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರೇಜ್ ನೋಡಿದರೆ ಏನೂ ಹಾಕದೆಯೇ 21 ಜಿಬಿ ಹೋಗಿತ್ತು. 17 ಸಿಸ್ಟಮ್ಮಿಗೆ. ಇನ್ನು 4? ಅಂಗಡಿಯಲ್ಲಿ "8 ಜಿಬಿ ರ್‍ಯಾಮ್ ಇದೆ" ಅಂದಿದ್ದರಲ್ಲ, ನಿಜವಾದ ರ್‍ಯಾಮ್ ಇದ್ದದ್ದು 4. ಉಳಿದ 4 ನಮ್ಮ ಸ್ಟೋರೇಜಿನಿಂದಲೇ ಕಿತ್ತುಕೊಂಡಿದ್ದು. ಉಳಿದದ್ದು 43.

ಅಪ್ಪಯ್ಯನ ಹಳೆ ಫೋನಿನಲ್ಲಿ ವಾಟ್ಸಾಪ್ ಒಂದೇ 9 ಜಿಬಿ. ಅಡಿಕೆ ಧಾರಣೆಯ ಗುಂಪುಗಳು, ನೆಂಟರ ಗುಂಪು, ಸೊಸೈಟಿಯ ಗುಂಪು, ಎಲ್ಲದರ ಫೋಟೋ ವಿಡಿಯೋ ಸೇರಿ. ಬೇರೆ ಆ್ಯಪ್‌ಗಳು 6. ಕಾರ್ಡಿನಲ್ಲಿ 38 ಜಿಬಿ ತಾಳಮದ್ದಳೆ ವಿಡಿಯೋ. ಒಟ್ಟು 53. ಅಂದರೆ ಹಳೆ ಫೋನಿನಲ್ಲಿ ಆಗಲೇ ಇದ್ದದ್ದೇ 43ರಲ್ಲಿ ಹಿಡಿಸುತ್ತಿರಲಿಲ್ಲ! 128ರದ್ದಾಗಿದ್ದರೆ ಅದೇ 21 ಕಳೆದು 107 ಸಿಗುತ್ತಿತ್ತು. ಇದ್ದದ್ದೆಲ್ಲ ಹಾಕಿದರೂ ಇನ್ನೂ ಅಷ್ಟೇ ಜಾಗ ಉಳಿಯುತ್ತಿತ್ತು.

"ವಯಸ್ಸಾದವರು ಏನು ಬಳಸ್ತಾರೆ" ಅನ್ನುವ ಮಾತೇ ತಪ್ಪು. ಅಪ್ಪಯ್ಯ ಗೇಮ್ ಆಡುವುದಿಲ್ಲ, ನಿಜ. ಆದರೆ ಮಳೆಗಾಲದಲ್ಲಿ ಸುತ್ತಮುತ್ತ ಎಲ್ಲಿ ತಾಳಮದ್ದಳೆ ಇದ್ದರೂ ಹೋಗಿ ಪೂರ್ತಿ ವಿಡಿಯೋ ಮಾಡುತ್ತಾರೆ. ಆಮೇಲೆ ಕೂತು ಒಂದೊಂದೇ ಅರ್ಥಗಾರಿಕೆ ಮತ್ತೆ ಮತ್ತೆ ಕೇಳುತ್ತಾರೆ. ಸಾಮಾನ್ಯವಾಗಿ ಫೋನುಗಳಲ್ಲಿ ಇರುವ 1080 ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 130 ಎಂಬಿ ಬೇಕು. ಗಂಟೆಗೆ ಹತ್ತಿರ ಹತ್ತಿರ 8 ಜಿಬಿ. ಮೂರು ಗಂಟೆಯ ಕೂಟ ಅಂದರೆ 23. ದಿನಕ್ಕೆ ಹತ್ತು ಫೋಟೋ ತೆಗೆಯುವ ಕಾಲೇಜು ಹುಡುಗಿಗೆ 64 ಸಾಕಾಗಬಹುದು, ನಮ್ಮ ಅಪ್ಪಯ್ಯನಿಗೆ ಸಾಲದು.

ಬೇರೆ ದಾರಿ ಇಲ್ಲದೆ ಎರಡೂ ಸಿಮ್ ಹಾಕಿ ಕಾರ್ಡನ್ನು ಕಪಾಟಿನಲ್ಲಿ ಇಟ್ಟೆವು. ಹಳೆ ವಿಡಿಯೋಗಳು ಹಳೆ ಕಾರ್ಡಿನಲ್ಲೇ ಉಳಿದವು. ವಾಟ್ಸಾಪ್, ಆ್ಯಪ್ ಹೋಗಿ 28 ಜಿಬಿ ಖಾಲಿ ಇತ್ತು. ಜುಲೈಯಲ್ಲಿ ಮೊದಲ ಕೂಟ ಪೂರ್ತಿ ಬಂತು. 5 ಉಳಿಯಿತು. ಅಪ್ಪಯ್ಯನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಾನೂ ನೋಡಲಿಲ್ಲ. ಮುಂದಿನ ವಾರ ಇನ್ನೊಂದು ಮನೆಯಲ್ಲಿ ಕೂಟ. ಅಪ್ಪಯ್ಯ ಮುಂದೆ ಕೂತು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೇಳುತ್ತಾ ಇದ್ದರು. ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ಜಾಗ ಮುಗಿದು ರೆಕಾರ್ಡಿಂಗ್ ತಾನಾಗೇ ನಿಂತಿದೆ. ಅವರು ನೋಡಿದ್ದು ಮಂಗಳದ ಹೊತ್ತಿಗೆ. ಅವತ್ತು ಅರ್ಥ ಹೇಳಿದವರಲ್ಲಿ ಒಬ್ಬರು ಅಪ್ಪಯ್ಯನ ಬಾಲ್ಯದ ಗೆಳೆಯರು. ವಯಸ್ಸಾಗಿದೆ, ಇನ್ನು ಮೇಲೆ ಕೂರುವುದಿಲ್ಲ ಅಂತ ಹೇಳಿಯೇ ಕೂತಿದ್ದರು. ಅವರ ಪಾತ್ರ ಬರುವ ಮೊದಲೇ ವಿಡಿಯೋ ನಿಂತುಹೋಗಿದೆ. ಅಪ್ಪಯ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಆ ಗೂಗಲ್ ಫ್ರೀ ಮಾತು. ಫ್ರೀ ಇರುವುದು 15 ಜಿಬಿ. ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ. ಫೋಟೋ ಎಷ್ಟು ಬೇಕಾದರೂ ಇಡಬಹುದು ಅನ್ನುವುದು 2021ರ ಜೂನ್ 1ಕ್ಕೇ ಮುಗಿದಿದೆ. ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಎಣಿಕೆ ಆಗುತ್ತದೆ. 23 ಜಿಬಿಯ ಒಂದು ಕೂಟವೇ ಹಿಡಿಸುವುದಿಲ್ಲ. ದುಡ್ಡು ಕಟ್ಟಿದರೂ ಕಳಿಸುವುದು ಹೇಗೆ? ನಮ್ಮ ಪ್ಲಾನಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಒಂದು ವಿಡಿಯೋ ಹೋಗಲು ಹದಿನೈದು ದಿನದ ಮೇಲೆ ಬೇಕು, ಅದೂ ದಿನವಿಡೀ ನೆಟ್‌ವರ್ಕ್ ಇದ್ದರೆ. ಜುಲೈಯಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಬೆಂಗಳೂರಿನಲ್ಲಿ ವೈಫೈ ಇಟ್ಟುಕೊಂಡವರಿಗೆ ಹೇಳುವ ಮಾತನ್ನು ನಮಗೆ ಹೇಳಬೇಡಿ.

ಟ್ರೇಯಲ್ಲಿ ಮೂರು ಜಾಗ ಇದ್ದರೂ ಒಂದು ವಿಷಯ ತಿಳಿದಿರಲಿ. ಕಾರ್ಡು ಒಳಗಿನ ಸ್ಟೋರೇಜಿಗೆ ಸಮ ಅಲ್ಲ. ಕ್ಯಾಮೆರಾದ ವಿಡಿಯೋ, ಫೋಟೋ ಕಾರ್ಡಿಗೆ ಹೋಗುವ ಹಾಗೆ ಮಾಡಬಹುದು. ವಾಟ್ಸಾಪ್‌ನಲ್ಲಿ ಬರುವುದೆಲ್ಲ ಬೀಳುವುದು ಫೋನಿನ ಒಳಗೇ. 64 ಜೊತೆ 128 ಸೇರಿಸಿ 192 ಅನ್ನುವ ಲೆಕ್ಕ ಅಲ್ಲೇ ಸುಳ್ಳಾಗುತ್ತದೆ. ಒಳಗಿನದನ್ನು ಆಮೇಲೆ ಹೆಚ್ಚಿಸಲೂ ಆಗುವುದಿಲ್ಲ, ಅದು ಬೋರ್ಡಿಗೆ ಬೆಸುಗೆ ಹಾಕಿದ ಚಿಪ್.

ಅದಕ್ಕೇ ಹೇಳುವುದು, ಹೊಸ ಫೋನ್ ಕೊಳ್ಳುವ ಮೊದಲು ಹಳೆ ಫೋನಿನ ಸ್ಟೋರೇಜ್ ಪುಟ ತೆಗೆದು, ಸಿಸ್ಟಮ್ ಬಿಟ್ಟು ಉಳಿದದ್ದನ್ನು ಕೂಡಿ. ಕಾರ್ಡಿನಲ್ಲಿ ಇರುವುದನ್ನೂ ಸೇರಿಸಿ. 64ರಲ್ಲಿ ನಿಮಗೆ ಸಿಗುವುದು 40 ಚಿಲ್ಲರೆ ಅಂತಲೇ ಹಿಡಿಯಿರಿ. ಆಗಲೇ 30 ದಾಟಿದ್ದರೆ 64ರ ಹತ್ತಿರ ಹೋಗಬೇಡಿ. ದುಡ್ಡು ಕೊಡುವ ಮೊದಲು ಟ್ರೇ ಎಳೆಸಿ ಜಾಗ ಎಣಿಸಿ. ಮಾದರಿಗೆ ಇಟ್ಟ ಫೋನಿನಲ್ಲಾದರೂ ಎಳೆದು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ನಾಲ್ಕು ದಿನ ಕಾಯುವುದು ದೊಡ್ಡದಲ್ಲ.

ಆಗಲೇ ಸಿಕ್ಕಿಬಿದ್ದವರಿಗೆ, ನಾವು ಮಾಡಿದ್ದು ಇಷ್ಟು. ಹೆಚ್ಚುವರಿ ರ್‍ಯಾಮ್ ಆಯ್ಕೆಯನ್ನು ಆಫ್ ಮಾಡಿ ಫೋನ್ ಮತ್ತೆ ಶುರು ಮಾಡಿದೆವು, 4 ಜಿಬಿ ವಾಪಸ್ ಬಂತು. ವಾಟ್ಸಾಪ್‌ನಲ್ಲಿ ತಾನಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದೆವು. ಕ್ಯಾಮೆರಾವನ್ನು 720ಕ್ಕೆ ಇಳಿಸಿದೆವು, ವಿಡಿಯೋ ಸುಮಾರು ಅರ್ಧಕ್ಕೆ ಇಳಿಯಿತು. ಮಾತು ಕೇಳುವುದಕ್ಕೆ ಅದು ಸಾಕು. ಕಾರ್ಡನ್ನು ಸಣ್ಣ ಕಾರ್ಡ್ ರೀಡರಿಗೆ ಹಾಕಿ ಚಾರ್ಜರ್ ಚುಚ್ಚುವ ಜಾಗಕ್ಕೆ ಸಿಕ್ಕಿಸಿ, ಪ್ರತಿ ಕೂಟ ಆದ ಮೇಲೆ ವಿಡಿಯೋ ಅದಕ್ಕೆ ಕಾಪಿ ಮಾಡಿ, ತೆಗೆದು ನೋಡಿ, ಆಮೇಲೆ ಫೋನಿನಿಂದ ಅಳಿಸುತ್ತೇನೆ. ನಾನು ಮನೆಯಲ್ಲಿ ಇದ್ದಾಗ ಮಾತ್ರ ಇದು ನಡೆಯುತ್ತದೆ. ಅಪ್ಪಯ್ಯನಿಗೆ ಒಬ್ಬರೇ ಮಾಡಲು ಭಯ, ಎಲ್ಲಿ ಅಳಿಸಿಹೋಗುತ್ತದೋ ಅಂತ.

ಇದನ್ನು ಬರೆಯುವ ಮೊದಲು ಇವತ್ತು ಇನ್ನೊಮ್ಮೆ ಅಂಗಡಿಗೆ ಫೋನ್ ಮಾಡಿದೆ. ಅದೇ ಹುಡುಗ. "128 ಸ್ಟಾಕ್ ಬಂದಿದೆ ಮೇಡಂ, ಬನ್ನಿ. ಹಳೇದಕ್ಕೆ ಎಕ್ಸ್‌ಚೇಂಜ್ 4,000 ಕೊಡ್ತೀವಿ." ಎರಡೂವರೆ ತಿಂಗಳಾಗಿಲ್ಲ, 9,499ರ ಫೋನು. ಕಾರ್ಡಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದೆ. ಕಾರ್ಡ್ ಎಲ್ಲ ತಗೊಳ್ಳಲ್ಲ ಅಂದ.