ದುಡ್ಡು ಕೇಳುವ ಮೆಸೇಜು: ಕನ್ನಡದಲ್ಲಾ, ಇಂಗ್ಲಿಷಿನಲ್ಲಾ, ಎರಡರಲ್ಲೂನಾ? ನಾಲ್ಕು ರೀತಿ ಕಳಿಸಿ ನೋಡಿದೆ

ಹುಬ್ಬಳ್ಳಿಯಲ್ಲಿ ಕೂತು ಲೇಬಲ್, ಪ್ಯಾಕೆಟ್ ಡಿಸೈನ್ ಮಾಡುವವನು ನಾನು. ಕೆಲಸಕ್ಕಿಂತ ಬಿಲ್ ವಸೂಲಿಗೇ ಜಾಸ್ತಿ ಹೊತ್ತು ಹೋಗುತ್ತದೆ. ನನ್ನ ಗಿರಾಕಿಗಳದ್ದು ಹೆಚ್ಚು ಕಡಿಮೆ ಒಂದೇ ಕಥೆ: ಮಾಲೀಕರು ಕನ್ನಡದವರು, ಫೋನಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಆದರೆ ದುಡ್ಡು ಹಾಕುವ ಅಕೌಂಟ್ಸ್‌ನವರು ಬೇರೆ ಊರಲ್ಲಿ ಕೂತು ಇಂಗ್ಲಿಷ್ ಮೇಲ್ ಮಾತ್ರ ಓದುತ್ತಾರೆ. ಹಾಗಾಗಿ ರಿಮೈಂಡರ್ ಯಾವ ಭಾಷೆಯಲ್ಲಿ ಬರೆಯಬೇಕು ಅನ್ನೋದು ನನಗೆ ಶೈಲಿಯ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ.

ಕಳೆದ ವರ್ಷ, 2025ರಲ್ಲಿ, ಒಂದೇ ಬಿಲ್‌ಗೆ ನಾಲ್ಕು ರೀತಿಯೂ ಕಳಿಸಬೇಕಾಗಿ ಬಂತು. ಒಂದು ಮಸಾಲೆ ಪುಡಿ ಕಂಪನಿ. ಲೇಬಲ್ ಡಿಸೈನ್ 72,000 ರೂ., ಶೇ. 18 ಜಿಎಸ್‌ಟಿ ಸೇರಿ 84,960. ಜುಲೈ 4ಕ್ಕೆ ಫೈಲ್ ಕೊಟ್ಟೆ, ಬಿಲ್ಲೂ ಅವತ್ತೇ. 30 ದಿನದಲ್ಲಿ ಕೊಡುತ್ತೇವೆ ಎಂದು ಆರ್ಡರ್‌ನಲ್ಲೇ ಬರೆದಿದ್ದರು, ಅಂದರೆ ಆಗಸ್ಟ್ 3. ಬರಲಿಲ್ಲ.

ಮೊದಲನೇದು: ಬರೀ ಇಂಗ್ಲಿಷ್ ಮೇಲ್ (ಆಗಸ್ಟ್ 6)

ಎಲ್ಲರೂ ಬರೆಯುವ ಹಾಗೇ ಬರೆದೆ. ಸಬ್ಜೆಕ್ಟ್‌ನಲ್ಲಿ ‘ಜೆಂಟಲ್ ರಿಮೈಂಡರ್’, ಒಳಗೆ ‘ಕೈಂಡ್ಲಿ ಡು ದ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್’. ಉತ್ತರ ಬಂತು: ‘ನೋಟೆಡ್’. ಅಷ್ಟೇ.

ಈಗ ಆ ಮೇಲ್ ಮತ್ತೆ ಓದಿದರೆ ನಗು ಬರುತ್ತದೆ. ಏನು ಮಾಡಬೇಕು ಅಂತ ಹೇಳಿಲ್ಲ, ಯಾವತ್ತು ಅಂತ ಹೇಳಿಲ್ಲ. ‘ನೀಡ್‌ಫುಲ್’ ಅಂದರೆ ಏನು? ಅವರು ನೋಟ್ ಮಾಡಿಕೊಂಡರು, ಅದೂ ಒಂದು ಕೆಲಸವೇ ಅಲ್ವಾ. ‘ಜೆಂಟಲ್’ ಅನ್ನೋ ಪದ ಸೇರಿಸಿದ ತಕ್ಷಣ ಓದುವವರಿಗೆ, ಓ ಇದು ನಾಳೆ ನೋಡಿದರೂ ನಡೆಯುತ್ತೆ, ಅಂತ ನಾವೇ ಹೇಳಿಕೊಟ್ಟ ಹಾಗೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದು ಗೊತ್ತಾಗಿದ್ದು ಆಮೇಲೆ ಫೋನ್ ಮಾಡಿದಾಗ. ನಾನು ಕೇಳಿದ್ದು 84,960. ಅವರು ಟಿಡಿಎಸ್ ಅಂತ, ಅಂದರೆ ನನ್ನ ಪರವಾಗಿ ಸರ್ಕಾರಕ್ಕೆ ಕಟ್ಟುವ ತೆರಿಗೆ ಅಂತ, 72,000ಕ್ಕೆ ಶೇ. 10, ಅಂದರೆ 7,200 ಹಿಡಿದುಕೊಂಡು, ಪುಸ್ತಕದಲ್ಲಿ ಕೊಡಬೇಕಾದ್ದು 77,760 ಅಂತ ಬರೆದುಕೊಂಡಿದ್ದರು. ನನ್ನ ಮೇಲ್‌ನ ಅಂಕಿ ಅವರ ಅಂಕಿಗೆ ಹೊಂದಲಿಲ್ಲ, ‘ಆಮೇಲೆ ನೋಡೋಣ’ ಅಂತ ಪಕ್ಕಕ್ಕಿಟ್ಟರು. ಬ್ಯಾಂಕಿಗೆ ಎಷ್ಟು ಬಂದು ಬೀಳಬೇಕೋ ಆ ಮೊತ್ತವನ್ನೇ ಬರೆಯಬೇಕು, ಬಿಲ್ಲಿನ ಮೊತ್ತ ಅಲ್ಲ. ಟಿಡಿಎಸ್ ಲೆಕ್ಕ ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ ಅನ್ನೋದನ್ನು ನೆನಪಿಟ್ಟುಕೊಂಡರೆ ಈ ಲೆಕ್ಕ ಒಂದು ನಿಮಿಷದ್ದು.

ಎರಡನೇದು: ಮಾಲೀಕರಿಗೆ ಕನ್ನಡದಲ್ಲಿ ವಾಟ್ಸ್ಆ್ಯಪ್ (ಆಗಸ್ಟ್ 13)

ಮೊದಲು ಹೀಗೆ ಟೈಪ್ ಮಾಡಿದ್ದೆ: ‘ಸರ್, ನೀವು ಇನ್ನೂ ಬಾಕಿ ಕೊಟ್ಟಿಲ್ಲ. ದಯವಿಟ್ಟು ಆದಷ್ಟು ಬೇಗ ಪಾವತಿಸಿ.’ ಅದೃಷ್ಟ, ಕಳಿಸುವ ಮುಂಚೆ ಹೆಂಡತಿಗೆ ತೋರಿಸಿದೆ. ‘ಇದೇನ್ರೀ, ಕರೆಂಟ್ ಬಿಲ್ ನೋಟಿಸ್ ಇದ್ದಂಗ ಐತಿ’ ಅಂದಳು. ನಿಜ. ‘ನೀವು ಕೊಟ್ಟಿಲ್ಲ’ ಅಂದರೆ ಕನ್ನಡದಲ್ಲಿ ಅದು ನೇರ ಆಪಾದನೆ. ‘ಬಾಕಿ’ ಅನ್ನೋ ಪದಕ್ಕೆ ಅಂಗಡಿ ಉದ್ರಿ ಪುಸ್ತಕದ ವಾಸನೆ. ಇಂಗ್ಲಿಷಿನಲ್ಲಿ ‘ಓವರ್‌ಡ್ಯೂ’ ಅಂದರೆ ಯಾರಿಗೂ ಬೇಜಾರಿಲ್ಲ, ಅದು ಬರೀ ಒಂದು ಸ್ಥಿತಿ. ಅದನ್ನೇ ‘ಗಡುವು ಮೀರಿದೆ’ ಅಂತ ಕನ್ನಡಕ್ಕೆ ತಂದರೆ ಕೋರ್ಟಿನಿಂದ ಬಂದ ಕಾಗದ.

ಆಮೇಲೆ ಹೆದರಿ ತುಂಬಾ ಮೆತ್ತಗೆ ಮಾಡಿಬಿಟ್ಟೆ: ‘ಸರ್, ಆ ಲೇಬಲ್ ಪೇಮೆಂಟ್ ಸ್ವಲ್ಪ ನೋಡಿ ಸರ್.’ ಎರಡು ನಿಮಿಷದಲ್ಲಿ ಉತ್ತರ: ‘ನೋಡ್ತೀನಿ.’ ಕೇಳಿದ್ದು ನೋಡಿ ಅಂತ, ಅವರು ನೋಡುತ್ತಾರೆ. ತಪ್ಪು ಅವರದಲ್ಲ.

ಆದರೂ ಇದರಲ್ಲಿ ಒಂದು ಲಾಭ ಇತ್ತು. ಇಂಗ್ಲಿಷ್ ಮೇಲ್‌ಗೆ ಒಂದು ಪದದ ಉತ್ತರ ಕೊಟ್ಟ ಕಂಪನಿಯಿಂದ ಮನುಷ್ಯರ ದನಿ ಬಂತು. ಸಂಜೆ ಅವರೇ ಫೋನ್ ಮಾಡಿ, ‘ಅಕೌಂಟ್ಸ್‌ಗೆ ಹೇಳಿದೀನಿ, ಗಣೇಶ ಹಬ್ಬ ಮುಗೀಲಿ’ ಅಂದರು. ಹಬ್ಬ ಆಗಸ್ಟ್ 27ಕ್ಕೆ. ಆಮೇಲೆ ದಸರಾ, ದೀಪಾವಳಿ ಇದ್ದೇ ಇದೆಯಲ್ಲ.

ಮೂರನೇದು: ಒಂದೇ ಮೇಲ್‌ನಲ್ಲಿ ಎರಡೂ ಭಾಷೆ (ಆಗಸ್ಟ್ 20)

ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಇಬ್ಬರಿಗೂ ಒಟ್ಟಿಗೆ. ಜಾಣತನ ಅಂದುಕೊಂಡಿದ್ದೆ. ನಾಲ್ಕರಲ್ಲಿ ಇದೇ ಕೆಟ್ಟದು ಅಂತ ಈಗ ಅನಿಸುತ್ತದೆ.

ಕನ್ನಡದಲ್ಲಿ ‘ಬರುವ ಶುಕ್ರವಾರದೊಳಗೆ’ ಅಂತ ಬರೆದೆ. ಇಂಗ್ಲಿಷಿನಲ್ಲಿ ‘ಬೈ ನೆಕ್ಸ್ಟ್ ಫ್ರೈಡೇ’. ನನ್ನ ತಲೆಯಲ್ಲಿ ಎರಡೂ 22ನೇ ತಾರೀಕೇ. ಅಕೌಂಟ್ಸ್‌ನವರು ನೆಕ್ಸ್ಟ್ ಫ್ರೈಡೇ ಅಂದರೆ 29 ಅಂತ ಓದಿದರು, ಅದೂ ತಪ್ಪಲ್ಲ. ಎರಡು ಭಾಷೆಯಲ್ಲಿ ಬರೆದಾಗ ಓದುವವರು ಯಾವುದು ಸಡಿಲವೋ ಅದನ್ನು ಹಿಡಿದುಕೊಳ್ಳುತ್ತಾರೆ. ಹಾಗಾಗಿ ವಾರದ ಹೆಸರು ಬೇಡ, ತಾರೀಕು ಅಂಕಿಯಲ್ಲಿ, ಎರಡರಲ್ಲೂ ಅದೇ. ವಾರದ ಹೆಸರು ಬೇಕಿದ್ದರೆ ತಾರೀಕಿನ ಪಕ್ಕದಲ್ಲಿ.

ಇನ್ನೊಂದು ಎಡವಟ್ಟು ಬಿಗಿಯಾದ ಸಾಲಿನಲ್ಲಾಯಿತು. ದುಡ್ಡು ಬರದಿದ್ದರೆ ಮುಂದಿನ ರಸಂ ಪುಡಿ ಲೇಬಲ್ ಮಾಡಲ್ಲ ಅಂತ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ‘ವಿ ವಿಲ್ ಹ್ಯಾವ್ ಟು ಪಾಜ್ ಫರ್ದರ್ ವರ್ಕ್’ ಅಂತ ಬರೆದರೆ ಅದು ಮಾಮೂಲಿ ವ್ಯವಹಾರ. ಅದನ್ನೇ ಪದಕ್ಕೆ ಪದ ‘ಮುಂದಿನ ಕೆಲಸ ನಿಲ್ಲಿಸಬೇಕಾಗುತ್ತದೆ’ ಅಂತ ಕನ್ನಡ ಮಾಡಿದೆ. ಮಾಲೀಕರಿಗೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಅದೂ ತಮ್ಮದೇ ಅಕೌಂಟ್ಸ್ ಹುಡುಗರ ಕಣ್ಣೆದುರು! ‘ಅವರಿಗೂ ಅದೇ ಮೇಲ್ ಯಾಕೆ ಕಳಿಸಿದ್ರಿ’ ಅಂತ ಫೋನಲ್ಲಿ ಕೇಳಿದರು. ಸಿಟ್ಟಿರಲಿಲ್ಲ, ಬೇಜಾರಿತ್ತು. ಅದು ಇನ್ನೂ ಕಷ್ಟ.

ನಾಲ್ಕನೇದು: ಎರಡು ಭಾಷೆ, ಎರಡು ಜನ, ಒಂದೇ ಅಂಕಿ (ಆಗಸ್ಟ್ 25)

ಇಲ್ಲಿ ಅನುವಾದ ಮಾಡುವುದನ್ನು ಬಿಟ್ಟೆ. ಬಿಲ್ ನಂಬರ್, ಮೊತ್ತ, ಕೊಡಬೇಕಿದ್ದ ದಿನ, ಈಗ ಕೇಳುತ್ತಿರುವ ದಿನ, ಈ ನಾಲ್ಕು ಎರಡರಲ್ಲೂ ಅಕ್ಷರ ಬಿಡದೆ ಒಂದೇ. ಉಳಿದದ್ದೆಲ್ಲ ಬೇರೆ ಬೇರೆ.

ಬೆಳಿಗ್ಗೆ ಅಕೌಂಟ್ಸ್‌ಗೆ ಇಂಗ್ಲಿಷ್ ಮೇಲ್. ಸಬ್ಜೆಕ್ಟ್‌ನಲ್ಲಿ ವಿಶೇಷಣವೇ ಇಲ್ಲ: ‘ಇನ್‌ವಾಯ್ಸ್ 118, ರೂ. 77,760, ಡ್ಯೂ 3 ಆಗಸ್ಟ್, ಪೇಮೆಂಟ್ ರಿಕ್ವೆಸ್ಟೆಡ್ ಬೈ 29 ಆಗಸ್ಟ್’. ಒಳಗೆ ಟಿಡಿಎಸ್ ಕಳೆದ ಲೆಕ್ಕ ಒಂದು ಸಾಲು. ‘ಪ್ಲೀಸ್ ಕನ್ಫರ್ಮ್ ದ ಪೇಮೆಂಟ್ ಡೇಟ್ ಬೈ ಟುಮಾರೋ’ ಅನ್ನೋ ಪ್ರಶ್ನೆ ಒಂದು, ಯಾಕೆಂದರೆ ಇದಕ್ಕೆ ‘ನೋಟೆಡ್’ ಅಂತ ಉತ್ತರ ಕೊಟ್ಟು ಜಾರಿಕೊಳ್ಳಲು ಆಗಲ್ಲ, ತಾರೀಕು ಹೇಳಲೇಬೇಕು. ಬ್ಯಾಂಕ್ ವಿವರ, ಬಿಲ್ ಕಾಪಿ ಮತ್ತೆ ಹಾಕಿದೆ. ಹಳೇ ಮೇಲ್ ಹುಡುಕಬೇಕು ಅನ್ನೋದೇ ಎಷ್ಟೋ ಸಲ ತಡಕ್ಕೆ ಕಾರಣ.

ಕೊನೆಗೆ ಕಾನೂನಿನ ಸಾಲು. ನನ್ನದು ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ಮೈಕ್ರೋ ಘಟಕ. ಇಂಥ ಘಟಕಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರವಣಿಗೆಯಲ್ಲಿ ಒಪ್ಪಂದ ಇದ್ದರೂ ಕೆಲಸ ಒಪ್ಪಿಕೊಂಡ ದಿನದಿಂದ 45 ದಿನ ಮೀರಿ ದುಡ್ಡು ಹಿಡಿದಿಡುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಅವರು ಫೈಲ್ ಒಪ್ಪಿಕೊಂಡದ್ದು ಕೊಟ್ಟ ದಿನವೇ, ಹಾಗಾಗಿ ನಮ್ಮ 45 ದಿನ ಆಗಸ್ಟ್ 18ಕ್ಕೇ ಮುಗಿದಿತ್ತು. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾನೂನಿಗೆ ಒಂದು ನಿಯಮ ಸೇರಿಸಿದ್ದಾರೆ. ಮೈಕ್ರೋ, ಸ್ಮಾಲ್ ಘಟಕಗಳಿಗೆ ಈ ಅವಧಿಯಲ್ಲಿ ಕೊಡದ ದುಡ್ಡನ್ನು, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಲು ಆಗುತ್ತದೆ. ಇದರ ಬಿಸಿ ಅಕೌಂಟ್ಸ್‌ನವರಿಗೆ ಗೊತ್ತು, ಮುಖ್ಯವಾಗಿ ಮಾರ್ಚ್ ಹತ್ತಿರ ಬಂದಾಗ. ಆಗಸ್ಟ್‌ನಲ್ಲಿ ಅಷ್ಟು ಬಿಸಿ ಇರಲ್ಲ, ಅದಕ್ಕೇ ನಾನು ಜಾಸ್ತಿ ಎಳೆಯಲಿಲ್ಲ. ನಾವು ಉದ್ಯಮ್ ನೋಂದಾಯಿತ ಮೈಕ್ರೋ ಘಟಕ, ನೋಂದಣಿ ನಂಬರ್ ಬಿಲ್ಲಿನಲ್ಲಿದೆ, 45 ದಿನ 18ಕ್ಕೆ ಮುಗಿದಿದೆ, ಅಷ್ಟೇ. ಬಡ್ಡಿಯ ಮಾತು ಎತ್ತಲಿಲ್ಲ.

ಒಂದು ಗಂಟೆ ಬಿಟ್ಟು ಮಾಲೀಕರಿಗೆ ಕನ್ನಡದಲ್ಲಿ:

‘ನಮಸ್ಕಾರ ಸರ್. ಲೇಬಲ್ ಕೆಲಸದ 118ನೇ ಬಿಲ್ಲಿನ ದುಡ್ಡು, ಟಿಡಿಎಸ್ ಕಳೆದು 77,760 ರೂ., ಇನ್ನೂ ಜಮಾ ಆಗಿಲ್ಲ. ಆಗಸ್ಟ್ 3ಕ್ಕೆ ಬರಬೇಕಿತ್ತು. 29ನೇ ತಾರೀಕು ಶುಕ್ರವಾರ ಸಂಜೆಯೊಳಗೆ ಹಾಕಿಸಿಕೊಡಿ ಸರ್. ಅಕೌಂಟ್ಸ್‌ಗೆ ಬಿಲ್ ಕಾಪಿ ಮತ್ತೆ ಕಳಿಸಿದ್ದೇನೆ. ಇದು ಬಂದ ಕೂಡಲೇ ರಸಂ ಪುಡಿ ಲೇಬಲ್ ಕೈಗೆತ್ತಿಕೊಳ್ತೀನಿ. ನಿಮಗೂ ಮನೆಯವರಿಗೂ ಹಬ್ಬದ ಶುಭಾಶಯ.’

‘ನೀವು ಕೊಟ್ಟಿಲ್ಲ’ ಹೋಗಿ ‘ಜಮಾ ಆಗಿಲ್ಲ’ ಬಂತು. ಯಾರ ತಪ್ಪು ಅಂತ ಆ ವಾಕ್ಯ ಹೇಳುವುದೇ ಇಲ್ಲ, ಆದರೆ ದುಡ್ಡು ಬಂದಿಲ್ಲ ಅನ್ನೋದನ್ನು ಒಂಚೂರೂ ಮೆತ್ತಗೆ ಮಾಡಿಲ್ಲ. ‘ಕೆಲಸ ನಿಲ್ಲಿಸುತ್ತೇನೆ’ ತಿರುಗಿ ‘ಬಂದ ಕೂಡಲೇ ಶುರು’ ಆಯಿತು. ಷರತ್ತು ಅದೇ, ಅವರಿಗೂ ಅರ್ಥವಾಗುತ್ತದೆ.

ಇದರಲ್ಲಿ ನನಗೆ ತುಂಬಾ ಕೆಲಸ ಮಾಡಿದ ಪದ ಅಂದರೆ ‘ಹಾಕಿಸಿಕೊಡಿ’. ‘ಹಾಕಿ’ ಅಂದರೆ ಹುಕುಂ. ‘ಹಾಕಿಸಿ’ ಅಂದರೆ ಬೇರೆಯವರ ಕೈಲಿ ಮಾಡಿಸಿ ಅಂತ, ಅಂದರೆ ತಡ ಮಾಡಿದ್ದು ನೀವಲ್ಲ, ನೀವು ಒಂದು ಮಾತು ಹೇಳಿದರೆ ಆಗುತ್ತದೆ ಅನ್ನೋ ಗೌರವ ಅದರೊಳಗೇ ಕೂತಿದೆ. ಕೊನೆಗೆ ‘ಕೊಡಿ’ ಸೇರಿದರೆ ವಿನಂತಿ. ಇಷ್ಟು ಇದ್ದಮೇಲೆ ‘ದಯವಿಟ್ಟು’ ಬೇಕಾಗಲ್ಲ, ಹಾಕಿದರೆ ಬಸ್ಸಿನೊಳಗಿನ ಬೋರ್ಡ್ ಥರ ಆಗುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವ ಕ್ರಿಯಾಪದ ಸಲೀಸಾಗಿ ಸಿಗಲ್ಲ, ಅಲ್ಲಿ ‘ಪ್ಲೀಸ್’ ಒಂದೇ ಸಲ ಹಾಕಿ, ಉಳಿದದ್ದನ್ನು ತಾರೀಕಿಗೆ ಬಿಡುವುದು ಮೇಲು.

ಹಾಗಂತ ನಾಲ್ಕನೇದು ಎಲ್ಲ ಕಡೆ ನಡೆಯಲ್ಲ. ಮಾಲೀಕರೇ ಅಕೌಂಟ್ಸೂ ನೋಡುವ ಸಣ್ಣ ಅಂಗಡಿಗೆ ಎರಡು ಕಳಿಸಿದರೆ ಅತಿ ಆಗುತ್ತದೆ, ಅಲ್ಲಿ ಕನ್ನಡ ಮೆಸೇಜ್ ಒಂದೇ ಸಾಕು, ಜೊತೆಗೆ ಬಿಲ್ಲಿನ ಫೋಟೋ. ಪೂರ್ತಿ ಇಂಗ್ಲಿಷಲ್ಲೇ ವ್ಯವಹಾರ ಮಾಡುವ ಬೆಂಗಳೂರಿನ ಕಂಪನಿಗಳಿಗೆ ಮೊದಲನೇದನ್ನೇ, ಆದರೆ ಅಂಕಿ ಸರಿ ಮಾಡಿ, ಜೆಂಟಲ್ ತೆಗೆದು ಕಳಿಸುತ್ತೇನೆ. ಮತ್ತೆ ಒಬ್ಬ ಗಿರಾಕಿ ಇದ್ದಾರೆ, ಅವರ ಹತ್ತಿರ ದುಡ್ಡೇ ಇಲ್ಲ. ಅವರಿಗೆ ಯಾವ ಕ್ರಿಯಾಪದವೂ ಸಾಲಲ್ಲ, ಮೂರು ಕಂತು ಮಾಡಿಕೊಂಡೆವು.

ಮಸಾಲೆ ಕಂಪನಿಯ ಅಕೌಂಟ್ಸ್‌ನಿಂದ 26ಕ್ಕೆ ಉತ್ತರ ಬಂತು, ತಾರೀಕಿನ ಸಮೇತ. 29ಕ್ಕೆ ಸಂಜೆ ಐದೂವರೆ ದಾಟಿದ ಮೇಲೆ ಮೊಬೈಲಿಗೆ ಬ್ಯಾಂಕಿನ ಮೆಸೇಜ್, 77,760. ಅದರ ಹಿಂದೆಯೇ ಮಾಲೀಕರ ವಾಟ್ಸ್ಆ್ಯಪ್: ‘ಹಾಕಿಸಿದೀನಿ ನೋಡ್ರಿ. ರಸಂ ಪುಡಿ ಯಾವಾಗ?’ ಸೋಮವಾರ ಶುರು ಮಾಡುತ್ತೇನೆ ಅಂದೆ. ಈ ಸಲ ಅರ್ಧ ದುಡ್ಡು ಮುಂಗಡ ಬೇಕು ಅಂತಲೂ ಬರೆದೆ. ಅದನ್ನು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು.