ಎರಡು ಬಲ್ಬು, ಒಂದು ಸ್ಟಡಿ ಲ್ಯಾಂಪು, ಒಂದು ಕಂಬಳಿ: ನಮ್ಮ ಅಗ್ಗದ ತ್ರೀ ಪಾಯಿಂಟ್ ಲೈಟಿಂಗ್ ಸೆಟ್, ವರ್ಷ ಬಳಸಿದ ಮೇಲೆ

ಇದು ಡಬ್ಬದಲ್ಲಿ ಬರುವ ಕಿಟ್ ಅಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಂಡಿದ್ದು. 15 ವ್ಯಾಟಿನ ಎರಡು ಎಲ್‌ಇಡಿ ಬಲ್ಬು, ಅವಕ್ಕೆ ಕ್ಲಿಪ್ ಇರುವ ಎರಡು ಅಲ್ಯೂಮಿನಿಯಂ ಶೇಡು, ಮುಟ್ಟಿದರೆ ಬೆಳಕು ಹೆಚ್ಚು ಕಮ್ಮಿಯಾಗುವ ಒಂದು ಸ್ಟಡಿ ಲ್ಯಾಂಪು. ಜೊತೆಗೆ ಬಟರ್ ಪೇಪರ್, ಒಂದು ಥರ್ಮೋಕೋಲ್ ಶೀಟು, ಬಟ್ಟೆ ಒಣಹಾಕುವ ಕ್ಲಿಪ್ಪು. ಎಲ್ಲಾ ಸೇರಿ ಎರಡು ಸಾವಿರ ದಾಟಲಿಲ್ಲ. ಫೋನಿನಲ್ಲೇ ಶೂಟ್ ಮಾಡುವ ನಮ್ಮ ಕಾಲೇಜ್ ತಂಡದ ಬಜೆಟ್ಟು ಅಷ್ಟೇ.

ಮುಖಕ್ಕೆ ಮುಖ್ಯ ಬೆಳಕು ಕೊಡುವ ಕೀ, ಅದರ ನೆರಳನ್ನು ತಿಳಿಯಾಗಿಸುವ ಫಿಲ್, ಹಿಂದಿನಿಂದ ಬೀಳುವ ಬ್ಯಾಕ್ ಅಂತ ಮೂರು ಲೈಟಿನ ಚಿತ್ರ ನೀವೆಲ್ಲ ಕ್ಲಾಸಿನಲ್ಲಿ ನೋಡಿರುತ್ತೀರಿ. ಆ ಚಿತ್ರದಲ್ಲಿ ರೂಮೇ ಇರುವುದಿಲ್ಲ. ನಮ್ಮದು ಹತ್ತು ಅಡಿಗೆ ಹನ್ನೆರಡು ಅಡಿಯ ಬಾಡಿಗೆ ರೂಮು, ನಾಲ್ಕೂ ಕಡೆ ಬಿಳಿ ಸುಣ್ಣ. ಸೀನು ಸರಳ: ರಾತ್ರಿ ಹೊತ್ತು, ಹುಡುಗಿಯೊಬ್ಬಳು ಮೇಜಿನ ಮುಂದೆ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ಫೇಲಾಗಿರುವ ವಿಷಯ ಮಾತ್ರ ಹೇಳುವುದಿಲ್ಲ. ಎದೆಯಿಂದ ಮೇಲಿನ ಶಾಟು, ಒಂದೇ ಮುಖ. ಈ ಸೆಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಈ ಸೀನಿನಲ್ಲೇ ಹೇಳುತ್ತೇನೆ.

ಮೊದಲ ಕೆಲಸ, ರೂಮಿನ ಟ್ಯೂಬ್‌ಲೈಟ್ ಆಫ್. ಕಿಟಕಿಗೆ ಬೆಡ್‌ಶೀಟು. ಪೂರ್ತಿ ಕತ್ತಲಾದ ಮೇಲೆ ಕೀ ಲೈಟ್ ಒಂದನ್ನೇ ಹಾಕುತ್ತೇವೆ. ಕ್ಯಾಮೆರಾದಿಂದ ಅವಳ ಮುಖಕ್ಕೆ ನೇರ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ಒಂದೂವರೆ ಎರಡು ಅಡಿ ಮೇಲೆ, ಮುಖದಿಂದ ಮೂರು ಅಡಿ ದೂರದಲ್ಲಿ ಬಲ್ಬು. ನಮಗೆ ಸ್ಟ್ಯಾಂಡ್ ಇಲ್ಲ. ಕುರ್ಚಿ ಮೇಲೆ ಕುರ್ಚಿ ಇಟ್ಟು ಅದರ ಬೆನ್ನಿಗೆ ಕ್ಲಿಪ್ ಹಾಕುತ್ತೇವೆ.

ಜಾಗ ಸರಿಯಾಗಿದೆಯಾ ಅಂತ ಮೂಗಿನ ನೆರಳೇ ಹೇಳುತ್ತದೆ. ಅದು ಬಾಯಿಯ ತುದಿಯ ಕಡೆ ಓರೆಯಾಗಿ ಇಳಿಯಬೇಕು, ತುಟಿ ಮುಟ್ಟಬಾರದು. ಆಚೆ ಕೆನ್ನೆಯಲ್ಲಿ, ಕಣ್ಣಿನ ಕೆಳಗೆ ಬೆಳಕಿನದ್ದೊಂದು ಚಿಕ್ಕ ತುಂಡು ಉಳಿಯಬೇಕು. ಕಣ್ಣಿನೊಳಗೆ ಬಿಳಿ ಚುಕ್ಕಿ ಕಾಣದಿದ್ದರೆ ಲೈಟು ತುಂಬಾ ಮೇಲಿದೆ, ಇಳಿಸಿ. ಕನ್ನಡಕದಲ್ಲಿ ಬಲ್ಬು ಹೊಳೆದರೆ ಸ್ವಲ್ಪ ಏರಿಸಿ. ಎರಡೂ ಒಟ್ಟಿಗೆ ಆದರೆ ಕಲಾವಿದೆಯ ಗದ್ದವನ್ನು ಒಂದಿಷ್ಟು ತಗ್ಗಿಸಲು ಹೇಳಿ.

ಬಟರ್ ಪೇಪರ್ ವಿಷಯಕ್ಕೆ ಬರೋಣ. ನನಗೆ ತುಂಬಾ ಇಷ್ಟದ ಕೆಲಸ ಇದು. ಬಹಳ ಜನ ಪೇಪರನ್ನು ಶೇಡಿನ ಬಾಯಿಗೇ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದರೆ ಬೆಳಕು ಕಮ್ಮಿಯಾಗುತ್ತದೆ, ನೆರಳು ಮಾತ್ರ ಹಾಗೇ ಗಟ್ಟಿಯಾಗಿ ಉಳಿಯುತ್ತದೆ. ಯಾಕೆಂದರೆ ಮುಖಕ್ಕೆ ಬೆಳಕು ಬರುತ್ತಿರುವುದು ಈಗಲೂ ಅಷ್ಟೇ ಸಣ್ಣ ಜಾಗದಿಂದ. ಪೇಪರನ್ನು ಬಲ್ಬಿನಿಂದ ಒಂದು ಅಡಿ ಮುಂದೆ ತನ್ನಿ. ಬೆಳಕು ಅದರ ಮೇಲೆ ಹರಡಿ, ಎರಡು ಅಡಿ ಅಗಲದ ಇಡೀ ಹಾಳೆಯೇ ಹೊಳೆಯುತ್ತದೆ. ಈಗ ಆ ಹಾಳೆಯೇ ನಿಮ್ಮ ಲೈಟು. ನೆರಳಿನ ಅಂಚು ಕರಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಎರಡು ಸ್ಕೇಲಿನ ನಡುವೆ ಹಾಳೆ ಇಟ್ಟು ಕ್ಲಿಪ್ ಹಾಕಿ, ಮೇಜಿನ ಅಂಚಿಗೆ ನಿಲ್ಲಿಸುತ್ತೇವೆ. ಈಗ ಇದನ್ನೆಲ್ಲ ಮಾಡಲು ಟೀ ಬರುವಷ್ಟು ಹೊತ್ತೂ ಬೇಡ.

ಹದಿನೈದು ವ್ಯಾಟು ಸಾಕಾಗುತ್ತದಾ ಅಂತ ಕೇಳುವವರಿಗೆ: ಮೂರು ಅಡಿಯಲ್ಲಿ, ಪೇಪರ್ ಹಾಕಿದ ಮೇಲೂ, ಎಫ್ 1.8 ಲೆನ್ಸಿನ ಫೋನಿಗೆ 1/50 ಶಟರಿನಲ್ಲಿ ಐಎಸ್‌ಓ 400ರ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಅದೇ ಬಲ್ಬನ್ನು ಆರು ಅಡಿಗೆ ಒಯ್ದರೆ ಮುಖದ ಮೇಲೆ ಬೀಳುವ ಬೆಳಕು ಅರ್ಧ ಅಲ್ಲ, ಕಾಲು ಭಾಗ. ಐಎಸ್‌ಓ 1600ಕ್ಕೆ ಏರಿಸಬೇಕು, ಆಗ ಚಿತ್ರದಲ್ಲಿ ಕಾಳುಕಾಳು ಶುರು. ಹಾಗಾಗಿ ಲೈಟನ್ನು ಫ್ರೇಮಿನ ಅಂಚಿನವರೆಗೂ ಹತ್ತಿರ ತನ್ನಿ. ದುಡ್ಡಿಲ್ಲದವರಿಗೆ ಲೈಟಿನ ದೂರವೇ ಡಿಮ್ಮರ್. ಈ ಮಾತನ್ನು ಮುಂದೆ ಸಿಟ್ಟಿನಿಂದ ಇನ್ನೊಮ್ಮೆ ಹೇಳಬೇಕಾಗುತ್ತದೆ.

ಇನ್ನು ಫಿಲ್. ಎರಡನೇ ಬಲ್ಬು ಕೊಂಡಿದ್ದೇ ಇದಕ್ಕೆ. ಈಗ ಅದು ಈ ಕೆಲಸ ಮಾಡುವುದೇ ಇಲ್ಲ. ಎರಡನೇ ಲೈಟು ಹಾಕಿದ ತಕ್ಷಣ ಮೂಗಿಗೆ ಇನ್ನೊಂದು ನೆರಳು ಹುಟ್ಟುತ್ತದೆ, ಅದನ್ನು ಅಳಿಸಲು ಮತ್ತೆ ಪೇಪರು, ಮತ್ತೆ ಕುರ್ಚಿ. ಥರ್ಮೋಕೋಲ್ ಶೀಟನ್ನು ಕೀ ಇಲ್ಲದ ಕಡೆಯ ಕೆನ್ನೆಯಿಂದ ಎರಡು ಅಡಿಯಲ್ಲಿ ನಿಲ್ಲಿಸಿದರೆ ಸಾಕು. ಕೀ ಲೈಟಿನ ಬೆಳಕೇ ಅದಕ್ಕೆ ಬಡಿದು ಮೆತ್ತಗೆ ವಾಪಸ್ ಬರುತ್ತದೆ, ಹೊಸ ನೆರಳಿಲ್ಲ. ಇದೇನೂ ಬಡವರ ಉಪಾಯವಲ್ಲ. ಸತ್ಯಜಿತ್ ರೇ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ 1956ರ ‘ಅಪರಾಜಿತೋ’ಗೆ ಸ್ಟುಡಿಯೋದಲ್ಲಿ ಕಾಶಿಯ ಮನೆಯಂಗಳದ ಸೆಟ್ ಹಾಕಿದಾಗ, ಮೇಲೆ ಬಿಳಿ ಬಟ್ಟೆ ಕಟ್ಟಿ ಅದಕ್ಕೆ ಲೈಟು ಬಡಿಸಿ ಆಕಾಶದ ಬೆಳಕನ್ನು ತಂದಿದ್ದರು.

ಆದರೆ ನಮ್ಮ ರೂಮಿನಲ್ಲಿ ಥರ್ಮೋಕೋಲೂ ಜಾಸ್ತಿಯಾಯಿತು. ಶೀಟು ತೆಗೆದರೂ ನೆರಳಿನ ಕಡೆ ಕಪ್ಪಾಗುತ್ತಿರಲಿಲ್ಲ, ಮುಖ ಚಪ್ಪಟೆ. ಬಿಳಿ ಗೋಡೆ ಸುಮ್ನೆ ಇರುತ್ತದಾ? ಅದೇ ಒಂದು ದೊಡ್ಡ ಥರ್ಮೋಕೋಲು, ಸ್ವಿಚ್ ಇಲ್ಲದ ಫಿಲ್ ಲೈಟು. ಆಗ ಊರಿಂದ ತಂದಿದ್ದ ಕರಿ ಕಂಬಳಿಯನ್ನು ಕುರ್ಚಿಯ ಮೇಲೆ ಹರಡಿ ಆ ಕೆನ್ನೆಯ ಪಕ್ಕಕ್ಕೆ ಇಟ್ಟೆವು. ಕೆನ್ನೆ ತಟ್ಟನೆ ನೆರಳಿಗೆ ಇಳಿಯಿತು. ರಾತ್ರಿ ಅನ್ನುವುದು ಮೊದಲ ಸಲ ಮುಖದ ಮೇಲೆ ಬಂತು. ಈ ಇಡೀ ಸೆಟ್ಟಿನಲ್ಲಿ ನನಗೆ ಅತೀ ಖುಷಿ ಕೊಟ್ಟ ವಸ್ತು ಯಾವುದು ಅಂದರೆ ದುಡ್ಡು ಕೊಡದೆ ಬಂದ ಆ ಕಂಬಳಿ. ಒರಟು ಉಣ್ಣೆ, ಹೊಳಪೇ ಇಲ್ಲ, ಬೆಳಕನ್ನು ನುಂಗಿಬಿಡುತ್ತದೆ. ಕಪ್ಪು ಸಿಲ್ಕ್ ದುಪಟ್ಟಾ ಹಾಕಿ ನೋಡಿ, ಅದು ಹೊಳೆದು ಕೆಲಸ ಕೆಡಿಸುತ್ತದೆ.

ನಮ್ಮ ಕ್ರಮ ಈಗ ಹೀಗಿದೆ: ಮೊದಲು ಕಂಬಳಿ, ನೆರಳು ಪೂರ್ತಿ ಇಳಿದ ಮೇಲೆ ಬೇಕಾದಷ್ಟು ಥರ್ಮೋಕೋಲು. ಅಮ್ಮ ನಗಿಸುವ ಮೊದಲ ಅರ್ಧಕ್ಕೆ ಶೀಟು ಎರಡು ಅಡಿಯಲ್ಲಿ. ಸುಳ್ಳು ಹೇಳುವ ಅರ್ಧಕ್ಕೆ ನಾಲ್ಕು ಅಡಿಗೆ ಸರಿಸಿದೆವು. ನೋಡಿದವರಿಗೆ ಶೀಟು ಸರಿದಿದ್ದು ಗೊತ್ತಾಗಲಿಲ್ಲ, ಅವಳು ಯಾಕೋ ಬೇರೆ ಥರ ಕಾಣುತ್ತಾಳೆ ಅಂದರು.

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು. ಈಗ ಸ್ಟಡಿ ಲ್ಯಾಂಪು.

ಬ್ಯಾಕ್ ಲೈಟಿಗೆ ಅಂತ ಅದನ್ನು ಕೊಂಡೆವು. ಬಗ್ಗುವ ಕತ್ತು, ಹಗುರ, ಬೀರುವಿನ ಮೇಲಿಂದ ಕೆಳಕ್ಕೆ ಬಗ್ಗಿಸಬಹುದು. ಕೀ ಬಲಗಡೆಯಿದ್ದರೆ ಇದು ಹಿಂದೆ ಎಡಗಡೆ, ತಲೆಗಿಂತ ಮೇಲೆ, ಫ್ರೇಮಿನ ಆಚೆ. ನಮ್ಮವರ ಕಪ್ಪು ಕೂದಲು ಕತ್ತಲ ಗೋಡೆಯೊಳಗೆ ಸೇರಿಹೋಗುತ್ತದೆ. ತಲೆಯ ಅಂಚಿಗೆ, ಹೆಗಲಿಗೆ ಒಂದು ಬೆಳಕಿನ ಗೆರೆ ಬಿದ್ದರೆ ಮಾತ್ರ ಮನುಷ್ಯ ಗೋಡೆಯಿಂದ ಬೇರೆಯಾಗುತ್ತಾನೆ. ಪೂರ್ತಿ ಬೆಳಕು ಹಾಕಿದಾಗ ಗೆರೆ ಜಾಸ್ತಿ ಹೊಳೆಯಿತು. ಕಲಾವಿದೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದಳು, ಅದೂ ಒಂದು ಕಾರಣ. ಲ್ಯಾಂಪನ್ನು ಮುಟ್ಟಿ ಬೆಳಕು ಕಮ್ಮಿ ಮಾಡಿದೆವು. ಕಣ್ಣಿಗೆ ಚೆನ್ನಾಗಿಯೇ ಇತ್ತು. ಫೋನಿನ ಸಣ್ಣ ಪರದೆಯಲ್ಲೂ ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಹೆಗಲ ಮೇಲೆ, ಹಿಂದಿನ ಗೋಡೆಯ ಮೇಲೆ ಅಡ್ಡಡ್ಡ ಪಟ್ಟೆಗಳು, ಮೆಲ್ಲಗೆ ಮೇಲೆ ಸರಿಯುತ್ತಿವೆ. ಒಂದು ಸಂಜೆಯ ಶಾಟುಗಳೆಲ್ಲ ಹೋದವು.

ಅಂಗಡಿಯವರ ಉತ್ತರ: “ಕಣ್ಣಿಗೆ ಕಾಣ್ತಿಲ್ವಲ್ಲ ಸಾರ್, ಮತ್ತೇನು ಪ್ರಾಬ್ಲಮ್ಮು?”

ಪ್ರಾಬ್ಲಮ್ಮು ಏನೆಂದರೆ, ಇಂಥ ಲ್ಯಾಂಪುಗಳು ಬೆಳಕನ್ನು ನಿಜವಾಗಿ ಕಮ್ಮಿ ಮಾಡುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತವೆ, ಆರಿರುವ ಹೊತ್ತು ಹೆಚ್ಚಾದಷ್ಟೂ ನಮಗೆ ಮಂದವಾಗಿ ಕಾಣುತ್ತದೆ. ಫೋನಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಕೆಲವು ಸಾಲಿಗೆ ಹೆಚ್ಚು ಬೆಳಕು, ಕೆಲವಕ್ಕೆ ಕಮ್ಮಿ ಸಿಕ್ಕರೆ ಅದೇ ಪಟ್ಟೆ. ಅಗ್ಗದ ಬಲ್ಬುಗಳಲ್ಲೂ ಮಿನುಗು ಇರುತ್ತದೆ, ಆದರೆ ಅದು ನಮ್ಮ 50 ಹರ್ಟ್ಜ್ ಕರೆಂಟಿನ ಲೆಕ್ಕದಲ್ಲಿ, ಸೆಕೆಂಡಿಗೆ 100 ಸಲ. ಸೆಕೆಂಡಿಗೆ 25 ಫ್ರೇಮು, 1/50 ಅಥವಾ 1/100 ಶಟರ್ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಮಿನುಗು ಸಿಕ್ಕಿ ಪಟ್ಟೆ ಹೋಗುತ್ತದೆ. ಫೋನು ತಾನಾಗಿ ಆರಿಸುವ 30 ಫ್ರೇಮು, 1/60ಕ್ಕೆ ಬಿಟ್ಟರೆ ಬರುತ್ತದೆ. ಡಿಮ್ ಮಾಡಿದ ಸ್ಟಡಿ ಲ್ಯಾಂಪಿಗೆ ಈ ಲೆಕ್ಕ ನಡೆಯುವುದಿಲ್ಲ, ಅದರ ತಾಳ ಅದರದ್ದೇ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಫೋನಿನ ಪ್ರೋ ಮೋಡಿನಲ್ಲಿ ಶಟರ್ 1/1000 ಇಡಿ, ಲ್ಯಾಂಪಿನ ಬೆಳಕು ಬಿದ್ದಿರುವ ಬಿಳಿ ಗೋಡೆಗೆ ಹಿಡಿಯಿರಿ. ಪಟ್ಟೆ ಕಂಡರೆ ಮಿನುಗು ಇದೆ ಅಂತ. ಒಮ್ಮೆ ಪೂರ್ತಿ ಬೆಳಕಿನಲ್ಲಿ, ಒಮ್ಮೆ ಅತಿ ಕಮ್ಮಿಯಲ್ಲಿ ನೋಡಿ. ನಮ್ಮದು ಪೂರ್ತಿಯಲ್ಲಿ ಸ್ವಚ್ಛ, ಒಂದು ಹಂತ ಇಳಿಸಿದರೂ ಪಟ್ಟೆ.

ಅದು ಗೊತ್ತಾದ ಮೇಲೆ ಲ್ಯಾಂಪಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಈಗ ಯಾವಾಗಲೂ ಪೂರ್ತಿ ಬೆಳಕಿನಲ್ಲೇ ಇಡುತ್ತೇವೆ, ಕಮ್ಮಿ ಬೇಕಾದರೆ ಹಿಂದಕ್ಕೆ ಸರಿಸುತ್ತೇವೆ, ಜಾಗ ಇಲ್ಲದಿದ್ದರೆ ಬಟರ್ ಪೇಪರ್ ಎರಡು ಪದರ. ಟಚ್ ಬಟನ್ನಿನ ಮೇಲೆ ಯಾರೂ ಕೈ ಇಡದಂತೆ ಟೇಪ್ ಅಂಟಿಸಿದ್ದೇವೆ. ಅದರ ತಲೆಗೆ ಕಪ್ಪು ಚಾರ್ಟ್ ಪೇಪರಿನ ಒಂದು ಪಟ್ಟಿ ಕೂಡ ಬೇಕು. ಇಲ್ಲದಿದ್ದರೆ ಬೆಳಕು ನೇರ ಲೆನ್ಸಿಗೆ ಹೊಡೆದು ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ. ಲೆನ್ಸನ್ನು ಮುಚ್ಚದೆ, ಲ್ಯಾಂಪಿನ ಬೆಳಕಿಗೆ ಮಾತ್ರ ಕೈ ಅಡ್ಡ ಹಿಡಿದು ನೋಡಿ. ಕಪ್ಪು ಗಾಢವಾದರೆ ಬೆಳಕು ಒಳಗೆ ಸೋರುತ್ತಿದೆ ಅಂತ.

ಇನ್ನು ಚಿಕ್ಕಪುಟ್ಟ ದೂರು. ಬಲ್ಬು ಕೇಳಿದರೆ ಅಂಗಡಿಯಲ್ಲಿ ಸಾಮಾನ್ಯವಾಗಿ 6500 ಕೆಲ್ವಿನ್ನಿನ ಬಿಳಿಯನ್ನೇ ಕೊಡುತ್ತಾರೆ. ರಾತ್ರಿ ಸೀನಿಗೆ ವಾರ್ಮ್ ವೈಟ್, ಅಂದರೆ 2700 ಇಲ್ಲವೇ 3000, ಬೇಕು ಅಂತ ಬಾಯಿಬಿಟ್ಟು ಹೇಳಿ. ಎರಡೂ ಒಂದೇ ಕಂಪನಿಯದ್ದಿರಲಿ, ಡಬ್ಬದ ಮೇಲಿನ ನಂಬರ್ ಒಂದೇ ಇದ್ದರೂ ಬೇರೆ ಬೇರೆ ಕಂಪನಿಯವು ಚರ್ಮದ ಮೇಲೆ ಒಂದು ಹಸಿರು, ಒಂದು ಗುಲಾಬಿ ಕಾಣಬಹುದು. ಫೋನು ತಾನಾಗಿ ಬಣ್ಣ ಬದಲಿಸದಂತೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಶೇಡಿನ ಕ್ಲಿಪ್ಪಿನ ಸ್ಪ್ರಿಂಗು ಆರು ತಿಂಗಳಿಗೇ ಸಡಿಲವಾಯಿತು, ಈಗ ಹಗ್ಗವೂ ಬೇಕು. ಬಲ್ಬಿನ ಬುಡಕ್ಕೆ ಗಾಳಿಯಾಡಬೇಕು. ಶೇಡಿನ ಹಿಂದಿನ ತೂತುಗಳನ್ನು ಟೇಪಿನಿಂದ ಮುಚ್ಚಿದ್ದ ಬಲ್ಬು ಬಿಸಿಯಾಗಿ ಕಣ್ಣು ಮಿಟುಕಿಸಲು ಶುರು ಮಾಡಿ ಸತ್ತಿತು.

ಮತ್ತೆ ಕೊಳ್ಳುವುದಾದರೆ? ಕೀ ಬಲ್ಬು, ಪೇಪರು, ಥರ್ಮೋಕೋಲು ಕಣ್ಣುಮುಚ್ಚಿ ಕೊಳ್ಳುತ್ತೇನೆ. ಬ್ಯಾಕ್ ಲೈಟಿಗೆ ಡಿಮ್ಮರ್ ಇಲ್ಲದ, ಬರೀ ಆನ್ ಆಫ್ ಇರುವ ಲ್ಯಾಂಪು ಸಾಕು, ಅದು ಇನ್ನೂ ಅಗ್ಗ. ಎರಡನೇ ಬಲ್ಬನ್ನು ಹಿಂದಿನ ಗೋಡೆಯ ಕ್ಯಾಲೆಂಡರಿಗೆ ಒಂದಿಷ್ಟು ಬೆಳಕು ಬೀಳಿಸಲು ಬಳಸುತ್ತೇವೆ. ಒಂದು ಮುಖ, ಹೆಚ್ಚೆಂದರೆ ಎದುರು ಬದುರು ಕೂತ ಎರಡು ಮುಖಗಳ ಬೇರೆ ಬೇರೆ ಶಾಟಿನವರೆಗೆ ಈ ಸೆಟ್ ನಡೆಯುತ್ತದೆ. ಇಬ್ಬರೂ ಎದ್ದು ರೂಮಿನಲ್ಲಿ ಓಡಾಡುವ ವೈಡ್ ಶಾಟ್ ಆದರೆ ಇಲ್ಲ. ಮೂರು ಅಡಿಯ ಲೈಟು ಫ್ರೇಮಿನೊಳಗೇ ಬರುತ್ತದೆ, ದೂರ ಸರಿಸಿದರೆ ಬೆಳಕು ಸಾಲುವುದಿಲ್ಲ. ಅಂಥ ದಿನ ನಾವು ಬಾಡಿಗೆ ಲೈಟನ್ನೇ ತರುತ್ತೇವೆ. ಕಂಬಳಿ ಮಾತ್ರ ಆಗಲೂ ಬ್ಯಾಗಿನಲ್ಲಿರುತ್ತದೆ.