ಅರವತ್ತಕ್ಕೇ ಆನ್ಯುಟಿ ಬೇಡ: ಇಡುಗಂಟು ಬತ್ತುವ ಭಯಕ್ಕೆ ಎರಡು ಮದ್ದು

ನಿವೃತ್ತಿಯ ಇಡುಗಂಟು ಬದುಕಿರುವವರೆಗೆ ಬರಬೇಕೆಂದರೆ ದಾರಿ ಎರಡು: ವಿಮಾ ಕಂಪನಿಗೆ ಹಣ ಒಟ್ಟಿಗೆ ಕೊಟ್ಟು ಜೀವನಪೂರ್ತಿ ಪಿಂಚಣಿ ಕೊಳ್ಳುವ ಆನ್ಯುಟಿ, ಇಲ್ಲವೇ ಹಣವನ್ನು ನಾವೇ ಹೂಡಿ ಖರ್ಚಿಗೆ ತೆಗೆಯುತ್ತ ಹೋಗುವ ಸ್ವಂತ ನಿರ್ವಹಣೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಸ್ವಂತ ನಿರ್ವಹಣೆಯ ಕಡೆಗೆ. ಪಿಎಫ್, ಗ್ರಾಚ್ಯುಟಿ ಖಾತೆಗೆ ಬಿದ್ದ ವಾರವೇ ಅಷ್ಟನ್ನೂ ಆನ್ಯುಟಿಗೆ ಸುರಿಯುವುದು ದುಬಾರಿ ತಪ್ಪು. ಹಾಗೆಂದು ಆನ್ಯುಟಿಯೇ ಕೆಟ್ಟದ್ದು ಎಂದು ತಿಳಿಯಬೇಡಿ. ಜನ ಕೊಳ್ಳುವ ವಯಸ್ಸು ತಪ್ಪು, ಫಾರ್ಮಿನಲ್ಲಿ ಗುರುತು ಹಾಕುವ ಆಯ್ಕೆಯೂ ಹೆಚ್ಚಿನ ಸಲ ತಪ್ಪು.

ಲೆಕ್ಕಕ್ಕೆ ಒಂದು ಸಂಸಾರ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಸ್ವಂತ ಮನೆ, ಖಾಸಗಿ ಕಂಪನಿಯಿಂದ 60ಕ್ಕೆ ನಿವೃತ್ತಿ, ಹೆಂಡತಿಗೆ 56. ಕೈಯಲ್ಲಿ 60 ಲಕ್ಷ ರೂಪಾಯಿ, ತಿಂಗಳ ಖರ್ಚು 25,000. ಅಂದರೆ ವರ್ಷಕ್ಕೆ 3 ಲಕ್ಷ, ಗಂಟಿನ ನೂರಕ್ಕೆ ಐದು ಭಾಗ. ಬೆಲೆ ಏರಿಕೆ ವರ್ಷಕ್ಕೆ ಶೇ 6, ಹಣದ ಗಳಿಕೆ ಶೇ 7.5 ಎಂದು ಹಿಡಿದು, ಬೆಲೆ ಏರಿದಂತೆ ತೆಗೆಯುವ ಮೊತ್ತವನ್ನೂ ಏರಿಸುತ್ತ ಹೋದರೆ ಗಂಟು ಸುಮಾರು 23 ವರ್ಷ ಬರುತ್ತದೆ. ಆಗ ಅವರಿಗೆ 83, ಹೆಂಡತಿಗೆ 79. ಭಯ ಸುಳ್ಳಲ್ಲ. ಗಳಿಕೆ ಶೇ 6ಕ್ಕೆ ಇಳಿದರೆ 20 ವರ್ಷಕ್ಕೇ ಖಾಲಿ.

ಅದೇ 60 ಲಕ್ಷವನ್ನು ಇವರು ಆನ್ಯುಟಿಗೆ ಹಾಕಿದರೆ? ದರ ಕಂಪನಿಯಿಂದ ಕಂಪನಿಗೆ, ವಯಸ್ಸಿನಿಂದ ವಯಸ್ಸಿಗೆ ಬೇರೆ. ನಿಮ್ಮ ವಯಸ್ಸಿಗೆ ಅವತ್ತಿನ ದರವನ್ನು ಮೂರು ಕಡೆ ಕೇಳಿ ನೋಡಿ. ಇಲ್ಲಿ ಗಂಡ-ಹೆಂಡತಿಯಲ್ಲಿ ಒಬ್ಬರಾದರೂ ಇರುವವರೆಗೆ ಪಿಂಚಣಿ, ಇಬ್ಬರೂ ಹೋದ ಮೇಲೆ ಅಸಲು ನಾಮಿನಿಗೆ ಎಂಬ ಆಯ್ಕೆಗೆ ಶೇ 6.5 ಎಂದು ಹಿಡಿದಿದ್ದೇನೆ. ವರ್ಷಕ್ಕೆ 3.9 ಲಕ್ಷ, ತಿಂಗಳಿಗೆ 32,500. ಬೇಕಿದ್ದದ್ದು 25,000, ಬಂದದ್ದು 32,500. ಮೊದಲ ವರ್ಷ ಹಬ್ಬವೇ. ಆದರೆ ಈ ಮೊತ್ತ ಏರುವುದಿಲ್ಲ. ಶೇ 6ರ ಬೆಲೆ ಏರಿಕೆಯಲ್ಲಿ ನಾಲ್ಕೂವರೆ ವರ್ಷಕ್ಕೆ ಖರ್ಚು ಪಿಂಚಣಿಯನ್ನು ಮುಟ್ಟುತ್ತದೆ. 12 ವರ್ಷಕ್ಕೆ ಆ 32,500ರ ಬೆಲೆ ಅರ್ಧ, 24 ವರ್ಷಕ್ಕೆ ಕಾಲು ಭಾಗ. ಗಂಟು ಬತ್ತುವುದಿಲ್ಲ ನಿಜ, ಗಂಟಿನ ಕಸುವು ಬತ್ತುತ್ತದೆ. ವರ್ಷಕ್ಕೆ ಶೇ 3 ಏರುವ ಆಯ್ಕೆಯೂ ಸಿಗುತ್ತದೆ. ಆದರೆ ಅದು ಸಾಮಾನ್ಯವಾಗಿ ಸರಳ ಏರಿಕೆ, ಅಂದರೆ ಮೊದಲ ಮೊತ್ತದ ಮೇಲಷ್ಟೇ ಮೂರು. ಅದಕ್ಕಾಗಿ ಶುರುವಿನ ಪಿಂಚಣಿಯನ್ನು ಚೆನ್ನಾಗಿಯೇ ಕತ್ತರಿಸುತ್ತಾರೆ.

ಈಗ ನಿಜವಾದ ಕಿರಿಕಿರಿಗೆ ಬರೋಣ. ಫಾರ್ಮಿನಲ್ಲಿ ‘ರಿಟರ್ನ್ ಆಫ್ ಪರ್ಚೇಸ್ ಪ್ರೈಸ್’ ಎಂಬ ಆಯ್ಕೆ ಇರುತ್ತದೆ. ಕೊಂಡವರು ತೀರಿಕೊಂಡ ಮೇಲೆ ಹಾಕಿದ ಅಸಲು ಮಕ್ಕಳಿಗೆ ವಾಪಸು. ಮಾರುವವರು ಇದನ್ನೇ ಮೊದಲು ತೋರಿಸುತ್ತಾರೆ, ಯಾಕೆಂದರೆ ‘ದುಡ್ಡು ಎಲ್ಲೂ ಹೋಗಲ್ಲ ಸಾರ್’ ಎಂದರೆ ಯಾರೂ ಎದುರಾಡುವುದಿಲ್ಲ. ಆನ್ಯುಟಿಯ ಪ್ರಾಣ ಹೋಗುವುದೂ ಅಲ್ಲಿಯೇ.

ಆನ್ಯುಟಿ ಕೆಲಸ ಮಾಡುವ ಬಗೆ ಊರಿನ ಚೀಟಿ ವ್ಯವಹಾರದಷ್ಟೇ ಸರಳ. ನೂರು ಜನ ಒಟ್ಟಿಗೆ ಹಣ ಹಾಕುತ್ತಾರೆ. ಬೇಗ ಹೋದವರ ಪಾಲಿನಲ್ಲಿ ಉಳಿದದ್ದು, ತುಂಬ ಕಾಲ ಬದುಕಿದವರ ಪಿಂಚಣಿಗೆ ಹೋಗುತ್ತದೆ. ತೊಂಬತ್ತೈದರವರೆಗೆ ಬದುಕುವವರಿಗೆ ಬಡ್ಡಿಗಿಂತ ಹೆಚ್ಚು ಸಿಗುವುದು ಈ ಹಂಚಿಕೆಯಿಂದ ಮಾತ್ರ. ಎಲ್ಲರ ಅಸಲೂ ಅವರವರ ಮನೆಗೆ ವಾಪಸು ಎಂದಾಗ ಹಂಚಲು ಏನೂ ಉಳಿಯುವುದಿಲ್ಲ. ಆಗ ನೀವು ಕೊಂಡದ್ದು ಆಯುಷ್ಯದ ವಿಮೆಯಲ್ಲ, ಮುರಿಯಲು ಕಷ್ಟವಾದ ಒಂದು ಉದ್ದದ ಠೇವಣಿ.

ಸಂಖ್ಯೆಯಲ್ಲಿ ನೋಡಿ. 60 ವಯಸ್ಸಿನ ಒಬ್ಬರಿಗೆ 10 ಲಕ್ಷಕ್ಕೆ ಅಸಲು ವಾಪಸಿಲ್ಲದೆ ವರ್ಷಕ್ಕೆ 80,000, ವಾಪಸಿದ್ದರೆ 65,000 ಎಂದಿಟ್ಟುಕೊಳ್ಳಿ. ಆ 15,000 ಕಾಣದ ಪ್ರೀಮಿಯಂ, ಬದುಕಿರುವಷ್ಟು ವರ್ಷವೂ ಕಟ್ಟುತ್ತಿರುತ್ತೀರಿ. 25 ವರ್ಷದ ಮೇಲೆ ಮಗನ ಕೈಗೆ ಬರುವ 10 ಲಕ್ಷದ ಬೆಲೆ ಇವತ್ತಿನ ಲೆಕ್ಕದಲ್ಲಿ 2.3 ಲಕ್ಷದಷ್ಟು. ನಮ್ಮ ಸಂಸಾರದ 60 ಲಕ್ಷ 14 ಲಕ್ಷದಂತಾಗಿ ಮರಳುತ್ತದೆ. ಗಂಟು ಸಾಲದೆ ಹೋದೀತು ಎಂದು ಹೆದರಿ ಬಂದವರು ಮಕ್ಕಳಿಗೆ ಗಂಟು ಉಳಿಸಲು ತಮ್ಮ ತಿಂಗಳ ಖರ್ಚನ್ನೇ ಕಡಿಮೆ ಮಾಡಿಕೊಂಡಂತೆ.

ಈ ಆಯ್ಕೆಗೂ ಒಂದು ಮಾತು ಸಲ್ಲಬೇಕು: ದರ ಸಾಯುವವರೆಗೆ ಭದ್ರ. ಮುಂದೆ ಬಡ್ಡಿ ಶೇ 4ಕ್ಕೆ ಬಿದ್ದರೂ ಇದು ಅಲುಗದು. ಠೇವಣಿಗೆ ಆ ಭಾಗ್ಯವಿಲ್ಲ. ಆದರೆ ಒಮ್ಮೆ ಗುರುತು ಹಾಕಿದ ಆಯ್ಕೆಯನ್ನು ಆಮೇಲೆ ಬದಲಿಸಲಾಗದು. ಕೈಗೆ ಪಾಲಿಸಿ ಬಂದ 30 ದಿನದೊಳಗೆ ‘ಫ್ರೀ ಲುಕ್’ ಅವಧಿಯಲ್ಲಿ ಮರಳಿಸಬಹುದು, ಅಷ್ಟೇ. ಅದು ದಾಟಿದರೆ ಹಲವು ಆಯ್ಕೆಗಳಲ್ಲಿ ಸರೆಂಡರ್ ಇಲ್ಲವೇ ಇಲ್ಲ, ಇದ್ದಲ್ಲೂ ಪೂರ್ತಿ ಹಣ ಬರುವ ಖಾತ್ರಿ ಇಲ್ಲ.

ಇನ್ನು ನನ್ನ ಮೆಚ್ಚಿನ ದಾರಿ. 30 ಲಕ್ಷ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಒಬ್ಬರಿಗೆ ಇರುವ ಗರಿಷ್ಠ ಮಿತಿಯೇ ಅಷ್ಟು. ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. 12 ಲಕ್ಷ ಮೂರು ಬ್ಯಾಂಕುಗಳಲ್ಲಿ ನಾಲ್ಕು ನಾಲ್ಕು ಲಕ್ಷದ ಎಫ್‌ಡಿ, ಒಂದು, ಎರಡು, ಮೂರು ವರ್ಷಕ್ಕೆ ಮುಗಿಯುವಂತೆ. ಮೂರು ಬ್ಯಾಂಕು ಯಾಕೆಂದರೆ ಠೇವಣಿ ವಿಮೆ ಬಡ್ಡಿಯೂ ಸೇರಿ ಒಂದು ಬ್ಯಾಂಕಿಗೆ 5 ಲಕ್ಷಕ್ಕೆ ಮಾತ್ರ. 15 ಲಕ್ಷ ಇಂಡೆಕ್ಸ್ ಫಂಡಿಗೆ, ಅದನ್ನು ಹತ್ತು ವರ್ಷ ಮುಟ್ಟದಿರುವ ಗುರಿಯಲ್ಲಿ. 3 ಲಕ್ಷ ಆಸ್ಪತ್ರೆಗೆಂದು ಉಳಿತಾಯ ಖಾತೆಯಲ್ಲಿ.

ಮೊದಲ ವರ್ಷ ಬೇಕಿರುವ 3 ಲಕ್ಷದಲ್ಲಿ 2.46 ಲಕ್ಷ ಹಿರಿಯರ ಯೋಜನೆಯಿಂದಲೇ ಬಂತು. ಉಳಿದ 54,000 ಎಫ್‌ಡಿ ಬಡ್ಡಿಯಲ್ಲಿ ಮುಗಿಯುತ್ತದೆ. ಅಸಲು ಮುಟ್ಟಲೇ ಇಲ್ಲ. ಐದನೇ ವರ್ಷ ಮುಗಿಯುವ ಹೊತ್ತಿಗೆ ಖರ್ಚು ತಿಂಗಳಿಗೆ ಸುಮಾರು 33,500 ಆಗಿರುತ್ತದೆ, ಆಗ ಎಫ್‌ಡಿ ಅಸಲಿಗೆ ಕೈ ಹಾಕುವ ಸರದಿ. ಆ ಮೊದಲೇ ಹೆಂಡತಿಗೆ 60 ತುಂಬಿರುತ್ತದೆ, ಅವರ ಹೆಸರಿನಲ್ಲೂ ಬೇರೆ ಖಾತೆ ತೆರೆಯಬಹುದು.

ಹಿರಿಯರ ಯೋಜನೆಯ ಕುಂದು ದರದ್ದು. ನಿಮ್ಮ ಖಾತೆಗೆ ಐದು ವರ್ಷ ದರ ಬದಲಾಗದು, ಆಮೇಲೆ ಮೂರು ವರ್ಷ ವಿಸ್ತರಿಸಿದರೆ ಆ ದಿನದ ದರ. 2020ರ ಏಪ್ರಿಲ್‌ನಲ್ಲಿ ಇದು ಶೇ 8.6ರಿಂದ 7.4ಕ್ಕೆ ಒಮ್ಮೆಲೇ ಇಳಿದದ್ದುಂಟು. ಇನ್ನೊಂದು, ಬಡ್ಡಿಯನ್ನು ಎತ್ತದೆ ಅಲ್ಲೇ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಸಿಗದು. ಉಳಿತಾಯ ಖಾತೆಗೆ ತಾನಾಗಿ ಜಮೆಯಾಗುವಂತೆ ಮೊದಲ ದಿನವೇ ಬರೆದುಕೊಡಿ.

ಸ್ವಂತ ನಿರ್ವಹಣೆ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಗಂಟನ್ನೆಲ್ಲ ಈಕ್ವಿಟಿ ಫಂಡಿಗೆ ಹಾಕಿ ಮೊದಲ ತಿಂಗಳಿಂದಲೇ ಎಸ್‌ಡಬ್ಲ್ಯೂಪಿ, ಅಂದರೆ ತಿಂಗಳು ತಿಂಗಳು ಯೂನಿಟ್ ಮಾರಿ ಹಣ ತೆಗೆಯುವುದನ್ನು, ಶುರು ಮಾಡುವುದು. ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 100 ಇದ್ದಾಗ 25,000ಕ್ಕೆ 250 ಯೂನಿಟ್ ಮಾರಬೇಕು. 60ಕ್ಕೆ ಬಿದ್ದಾಗ ಅದೇ 25,000ಕ್ಕೆ 417. ಮಾರುಕಟ್ಟೆ ಮತ್ತೆ ಏರಿದರೂ ಮಾರಿದ ಯೂನಿಟ್ ಮರಳುವುದಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ದ ಆಸುಪಾಸಿನಲ್ಲಿತ್ತು. ಅಂಥ ವರ್ಷ 75ರಲ್ಲಿ ಬಂದರೆ ತಡೆದುಕೊಳ್ಳಬಹುದು, 61ರಲ್ಲಿ ಬಂದರೆ ಗಂಟಿನ ಬುಡವೇ ಸಡಿಲ. ಮೇಲಿನ ಎಫ್‌ಡಿ ಮೆಟ್ಟಿಲು ಇರುವುದು ಆ ವರ್ಷಗಳಲ್ಲಿ ಯೂನಿಟ್ ಮಾರದೆ ದಾಟಲೆಂದೇ.

ತೆರಿಗೆ ಈ ಸಂಸಾರದ ತೀರ್ಮಾನ ಬದಲಿಸುವುದಿಲ್ಲ. ಆನ್ಯುಟಿಯೂ ಬಡ್ಡಿಯೂ ಪೂರ್ತಿ ಆದಾಯವೇ, ಇಷ್ಟು ಆದಾಯಕ್ಕೆ ಹೊಸ ಪದ್ಧತಿಯ ರಿಬೇಟ್ ಸಾಕು. ಟಿಡಿಎಸ್ ಹಿಡಿಯದಂತೆ ಪ್ರತಿ ಏಪ್ರಿಲ್‌ನಲ್ಲಿ ಘೋಷಣೆ ಕೊಡುವುದು ಮರೆಯಬೇಡಿ.

ಹಾಗಾದರೆ ಆನ್ಯುಟಿಗೆ ಜಾಗ ಎಲ್ಲಿ? 70ರಲ್ಲಿ, ಅಸಲು ವಾಪಸಿಲ್ಲದ ಜಂಟಿ ಆಯ್ಕೆಯಲ್ಲಿ, ಮೂಲ ಖರ್ಚಿಗಷ್ಟೇ. ವಯಸ್ಸಾದಷ್ಟೂ ಉಳಿದ ವರ್ಷ ಕಡಿಮೆ, ದರ ಹೆಚ್ಚು. ಅಕ್ಕಿ-ಬೇಳೆ, ಕರೆಂಟು, ಮಾತ್ರೆಗೆ ಇವತ್ತು 15,000 ಬೇಕೆಂದರೆ ಹತ್ತು ವರ್ಷಕ್ಕೆ ಸುಮಾರು 26,900, ವರ್ಷಕ್ಕೆ 3.2 ಲಕ್ಷ. ಆಗಿನ ದರ ಶೇ 9 ಎಂದು ಹಿಡಿದರೆ 36 ಲಕ್ಷ ಬೇಕು. ಮೇಲಿನ ಲೆಕ್ಕದಂತೆ ಗಂಟು ಆ ಹೊತ್ತಿಗೆ 65 ಲಕ್ಷದಷ್ಟಿರುತ್ತದೆ. ಇದರಿಂದ ಹಣ ಹೆಚ್ಚು ವರ್ಷ ಬರುತ್ತದೆ ಎಂದಲ್ಲ. ಉಳಿದ 29 ಲಕ್ಷ ಇನ್ನು ಹತ್ತು ಹನ್ನೊಂದು ವರ್ಷಕ್ಕೆ ಮುಗಿಯುತ್ತದೆ. ಆದರೆ ಮುಗಿದ ಮೇಲೂ ತಿಂಗಳ ಆದಾಯ ಸೊನ್ನೆಯಾಗದು. ಹಣವೇ ಹೆಚ್ಚು ಕಾಲ ಬರಬೇಕೆಂದರೆ ಖರ್ಚನ್ನು 20,000ಕ್ಕೆ ಇಳಿಸುವುದೇ ದಾರಿ: ಅಷ್ಟಕ್ಕೇ 23 ವರ್ಷ 30 ಆಗುತ್ತದೆ.

70ರವರೆಗೆ ಕಾಯುವಾಗ ವರ್ಷಕ್ಕೊಂದು ಕೆಲಸ. ಏಪ್ರಿಲ್ ಮೊದಲ ವಾರ ಅವತ್ತಿನ ಜಂಟಿ ದರ ನೋಡಿ, ಮೂಲ ಖರ್ಚು ಕೊಳ್ಳಲು ಎಷ್ಟು ಬೇಕು ಎಂದು ಪುಸ್ತಕದಲ್ಲಿ ಬರೆಯಿರಿ. ಗಂಟು ಆ ಮೊತ್ತದ ಒಂದೂಕಾಲು ಪಟ್ಟಿಗೆ ಇಳಿದರೆ ವಯಸ್ಸು 66 ಇದ್ದರೂ ಕೊಂಡುಬಿಡಿ, ಇನ್ನೂ ಕಾದರೆ ಮೂಲ ಖರ್ಚಿಗೂ ಸಾಲದು.

ಈ ಪುಸ್ತಕ ಬರೆಯುವ ಅಭ್ಯಾಸವೇ ಇಲ್ಲದವರಿಗೆ, ‘ಸೈಟಿಗೆ ಐದು ಲಕ್ಷ ಕಡಿಮೆ ಬಿದ್ದಿದೆ ಅಪ್ಪಾ’ ಎಂದರೆ ಇಲ್ಲ ಎನ್ನಲಾಗದವರಿಗೆ ನನ್ನ ಒಲವು ಅನ್ವಯಿಸದು. ಅವರು ಅರ್ಧ ಗಂಟನ್ನು 60ಕ್ಕೇ ಆನ್ಯುಟಿಯಲ್ಲಿ ಬೀಗ ಹಾಕಿಡುವುದು ಮೇಲು.

ಕೊಳ್ಳುವ ದಿನ ಮೂರು ಸಂಗತಿ ನೋಡಿ. ಜಂಟಿ ಆಯ್ಕೆಯಲ್ಲಿ ಹೆಂಡತಿಗೆ ಅರ್ಧ ಮುಂದುವರಿಯುವುದೋ ಪೂರ್ತಿಯೋ, ಪೂರ್ತಿಯದ್ದೇ ಬರೆಸಿ. ವಾರ್ಷಿಕ ಕಂತಿಗೆ ದರ ತುಸು ಹೆಚ್ಚು, ಆದರೆ ಮೊದಲ ಹಣ ಬರುವುದು ಒಂದು ವರ್ಷ ಕಳೆದ ಮೇಲೆ. ಅಷ್ಟು ತಿಂಗಳ ಖರ್ಚು ಬೇರೆ ಇಟ್ಟುಕೊಂಡಿಲ್ಲದಿದ್ದರೆ ತಿಂಗಳ ಕಂತೇ ಇರಲಿ. ಮತ್ತೆ, ಜೀವಂತ ಪ್ರಮಾಣಪತ್ರ ಯಾವ ತಿಂಗಳು, ಯಾರಿಗೆ ಕೊಡಬೇಕು ಎಂದು ಪಾಲಿಸಿಯ ಮೇಲೇ ಬರೆದಿಡಿ. ಅದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ಕಾರಣ ಹುಡುಕುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ.